ಒಂದೇ ಓವರ್‌ಹೆಡ್ ರೇಟ್‌ನಿಂದ ಕೋಟೇಶನ್ ಕೈಕೊಡ್ತಿದೆಯಾ?

ಪೀಣ್ಯ_ಲೇತ್: ನಮ್ಮದು ಚಿಕ್ಕ ಯೂನಿಟ್. ಮಷೀನ್ ಶಾಪ್, ಅಸೆಂಬ್ಲಿ ಎರಡೇ ವಿಭಾಗ. ತಿಂಗಳ ಓವರ್‌ಹೆಡ್ 7,50,000 ರೂ. ಎರಡೂ ಕಡೆ ಸೇರಿ 5,000 ಲೇಬರ್ ಗಂಟೆ. ಹಾಗಾಗಿ ಎಲ್ಲ ಜಾಬ್‌ಗೂ ಗಂಟೆಗೆ 150 ಹಾಕುತ್ತೇವೆ. ಶಾಫ್ಟ್ ಆರ್ಡರ್ ಕೇಳಿದ್ದೆಲ್ಲ ಸಿಗುತ್ತೆ, ಪ್ಯಾನೆಲ್ ಜೋಡಣೆ ಒಂದೂ ಸಿಗಲ್ಲ. ಆದರೂ ಲಾಭ ಇಳಿಯುತ್ತಿದೆ.

ಬಿಲ್‌ಬುಕ್: ಜಿಎಸ್‌ಟಿ ಸೇರಿಸಿ ಕೋಟ್ ಮಾಡ್ತಿದ್ದೀರಾ? ನನಗೆ ಅಲ್ಲೇ ಎಡವಟ್ಟಾಗಿತ್ತು.

ಪೀಣ್ಯ_ಲೇತ್: ಅದಲ್ಲ ಸಾರ್, ಜಿಎಸ್‌ಟಿ ಬೇರೆಯೇ ತೋರಿಸುತ್ತೇವೆ.

ಹಳೇ_ಲೆಡ್ಜರ್: ಆ 7,50,000ದಲ್ಲಿ ಯಾವ ವಿಭಾಗದ್ದು ಎಷ್ಟು? ಒಂದು ಶಾಫ್ಟ್‌ಗೆ, ಒಂದು ಪ್ಯಾನೆಲ್‌ಗೆ ಗಂಟೆ ಎಷ್ಟು?

ಪೀಣ್ಯ_ಲೇತ್: ಮಷೀನ್ ಶಾಪ್‌ದು 6,00,000. ಅಲ್ಲಿ 2,000 ಮಷೀನ್ ಗಂಟೆ, 1,000 ಲೇಬರ್ ಗಂಟೆ. ಅಸೆಂಬ್ಲಿ 1,50,000, 4,000 ಲೇಬರ್ ಗಂಟೆ. ಶಾಫ್ಟ್‌ಗೆ 4 ಮಷೀನ್ ಗಂಟೆ, ಎರಡೂ ವಿಭಾಗ ಸೇರಿ 3 ಲೇಬರ್ ಗಂಟೆ, ಅದರಲ್ಲಿ 1 ಅಸೆಂಬ್ಲಿ. ಪ್ಯಾನೆಲ್‌ಗೆ 1 ಮಷೀನ್ ಗಂಟೆ, 6 ಲೇಬರ್ ಗಂಟೆ, ಅದರಲ್ಲಿ 5.5 ಅಸೆಂಬ್ಲಿ.

ಹಳೇ_ಲೆಡ್ಜರ್: ನೋಡಿ, ನಿಮ್ಮ ಲೆಕ್ಕದಲ್ಲಿ ಶಾಫ್ಟ್‌ಗೆ 450, ಪ್ಯಾನೆಲ್‌ಗೆ 900. ಈಗ ಬೇರೆ ಮಾಡಿ. ಮಷೀನ್ ಗಂಟೆಗೆ 300, ಅಸೆಂಬ್ಲಿ ಗಂಟೆಗೆ 37.50. ಆಗ ಶಾಫ್ಟ್‌ಗೆ 1,237.50, ಪ್ಯಾನೆಲ್‌ಗೆ 506.25! ಮಷೀನ್‌ನ ಸವಕಳಿ, ಕರೆಂಟ್ ಎಲ್ಲವನ್ನೂ ಪ್ಯಾನೆಲ್ ಜೋಡಿಸುವವರ ತಲೆಗೆ ಕಟ್ಟಿದ್ದೀರಿ.

ವರ್ನಿಯರ್: ವಿಭಾಗವಾರು ರೇಟ್ ಮಾಡಿದ್ರೆ ಸಾಕು. ಮಷೀನ್ ಶಾಪ್‌ಗೂ ಲೇಬರ್ ಗಂಟೆಯೇ ಇರಲಿ, 600 ಬರುತ್ತೆ. ಶಾಫ್ಟ್‌ಗೆ 1,237.50 ಹಾಗೇ ಬರುತ್ತಲ್ಲ?

ಹಳೇ_ಲೆಡ್ಜರ್: ಒಬ್ಬ ಆಪರೇಟರ್ ಯಾವಾಗಲೂ ಎರಡೇ ಮಷೀನ್ ನೋಡಿಕೊಂಡರೆ ಮಾತ್ರ. ನಾಳೆ ಅವನು ಮೂರು ಓಡಿಸಿದರೆ ಅದೇ ಶಾಫ್ಟ್‌ಗೆ ಲೇಬರ್ ಗಂಟೆ ಕಮ್ಮಿಯಾಗುತ್ತೆ, ಓವರ್‌ಹೆಡ್ಡೂ ಇಳಿದ ಹಾಗೆ ಕಾಣುತ್ತೆ. ಮಷೀನ್ ಮಾತ್ರ ಅಷ್ಟೇ ಹೊತ್ತು ಓಡಿರುತ್ತೆ.

ಹಿಟ್ಟಿನ_ಗಿರಣಿ: ನಮ್ಮಲ್ಲಿ ಬರೀ ಮಸಾಲೆ ಪುಡಿ. ಎಲ್ಲ ಪ್ಯಾಕೆಟ್‌ಗೂ ಬೀಸೋದು, ತುಂಬೋದು ಹೆಚ್ಚುಕಮ್ಮಿ ಒಂದೇ ಹೊತ್ತು. ಎರಡು ರೇಟ್ ಮಾಡಿ ನೋಡಿದೆ, ಒಂದೆರಡು ರೂಪಾಯಿ ವ್ಯತ್ಯಾಸ. ಸುಮ್ನೆ ಬಿಟ್ಟುಬಿಟ್ಟೆ.

ಹಳೇ_ಲೆಡ್ಜರ್: ಸರಿಯಾಗೇ ಮಾಡಿದ್ದೀರಿ. ಎಲ್ಲ ಮಾಲೂ ಎರಡೂ ವಿಭಾಗವನ್ನು ಒಂದೇ ಪ್ರಮಾಣದಲ್ಲಿ ಬಳಸಿದರೆ ಒಂದೇ ರೇಟ್ ಸಾಕು. ಪೀಣ್ಯದವರೇ, ಶಾಫ್ಟ್ ಆರ್ಡರ್ ನಾಳೆಯೇ ಬಿಡಬೇಡಿ. ಬಿಟ್ಟರೂ ಸವಕಳಿ, ಬಾಡಿಗೆ ನಿಲ್ಲಲ್ಲ. ಮೊದಲು ಪ್ಯಾನೆಲ್ ಕೋಟ್ ಇಳಿಸಿ, ಶಾಫ್ಟ್ ಬೆಲೆಯನ್ನು ಹೊಸ ಆರ್ಡರ್‌ನಲ್ಲಿ ಏರಿಸಿ. ಅಂದ ಹಾಗೆ, ಆ 6,00,000 ಹೇಗೆ ಬಂತು? ಮಷೀನ್ ಶಾಪ್‌ಗೆ ಬೇರೆ ಮೀಟರ್ ಇದೆಯಾ?

ಪೀಣ್ಯ_ಲೇತ್: ಇಲ್ಲ, ಕರೆಂಟ್ ಬಿಲ್ ಜಾಗದ ಅಳತೆ ಮೇಲೆ ಹಂಚಿದ್ದು.

ಹಳೇ_ಲೆಡ್ಜರ್: ಬಾಡಿಗೆಗೆ ಸರಿ, ಕರೆಂಟಿಗಲ್ಲ. ಸಬ್‌ಮೀಟರ್ ಹಾಕಿಸಿ. 300 ಇನ್ನೂ ಮೇಲೇ ಹೋಗಬಹುದು.

ಪೀಣ್ಯ_ಲೇತ್: ಮೆಂಟೆನೆನ್ಸ್ ಹುಡುಗನ ಸಂಬಳ? ಎರಡೂ ಕಡೆ ಓಡಾಡ್ತಾನೆ.

ವರ್ನಿಯರ್: ಅರ್ಧ ಅರ್ಧ ಹಾಕಿ.

ಹಳೇ_ಲೆಡ್ಜರ್: ಬೇಡ, ಒಂದು ತಿಂಗಳು ಅವನ ಕೈಗೆ ಒಂದು ನೋಟ್‌ಬುಕ್ ಕೊಡಿ.