ಅಪ್‌ಡೇಟ್: ಸಂಬಳದ ಚೀಟಿಯಲ್ಲಿನ ಟಿಡಿಎಸ್ ಕಡಿತದ ಲೆಕ್ಕ

ನನ್ನ ಮೂಲ ಪ್ರಶ್ನೆ: "2025ರ ಏಪ್ರಿಲ್ ಸಂಬಳದಲ್ಲಿ ಟಿಡಿಎಸ್ ಎಂದು 8,125 ರೂಪಾಯಿ ಕಡಿತವಾಗಿದೆ. ಇದೇನು? ಜೂನ್ ಆದರೂ ಅದು ನಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯನ್ನು ತೋರಿಸುವ 26ಎಎಸ್ ಪಟ್ಟಿಯಲ್ಲಿ ಏಕೆ ಕಾಣುತ್ತಿಲ್ಲ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಕಚೇರಿಯ ಲೆಕ್ಕಪತ್ರ ವಿಭಾಗದವರು ವಿವರಿಸಿದ ಮೇಲೆ ವಿಷಯ ತಿಳಿಯಾಯಿತು. ಟಿಡಿಎಸ್ ಎಂದರೆ ಆದಾಯದ ಮೂಲದಲ್ಲೇ, ಅಂದರೆ ಸಂಬಳ ನಮ್ಮ ಕೈಸೇರುವ ಮೊದಲೇ, ಉದ್ಯೋಗದಾತರು ಮುರಿದುಕೊಂಡು ನಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಇದು ತಿಂಗಳ ಸಂಬಳದ ಮೇಲಿನ ನಿಗದಿತ ಶೇಕಡಾವಾರು ಎಂದು ನಾನು ತಪ್ಪಾಗಿ ಭಾವಿಸಿದ್ದೆ. ವಾಸ್ತವದಲ್ಲಿ ಇಡೀ ವರ್ಷದ ತೆರಿಗೆಯನ್ನು ಮೊದಲೇ ಅಂದಾಜಿಸಿ ಹನ್ನೆರಡು ತಿಂಗಳಿಗೆ ಹಂಚುತ್ತಾರೆ.

ನನ್ನ ವಾರ್ಷಿಕ ಸಂಬಳ 15 ಲಕ್ಷ. ಹೊಸ ತೆರಿಗೆ ಪದ್ಧತಿಯ 75,000 ರೂಪಾಯಿ ಪ್ರಮಾಣಿತ ಕಡಿತ ಕಳೆದರೆ 14,25,000 ಉಳಿಯುತ್ತದೆ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. ನಂತರದ 4 ಲಕ್ಷಕ್ಕೆ ಶೇ 5, ಅದರ ಮೇಲಿನ 4 ಲಕ್ಷಕ್ಕೆ ಶೇ 10, ಉಳಿದ 2,25,000ಕ್ಕೆ ಶೇ 15ರಂತೆ ಒಟ್ಟು 93,750 ಆಗುತ್ತದೆ. ಅದಕ್ಕೆ ಶೇ 4 ಸೆಸ್ ಸೇರಿಸಿದರೆ 97,500. ಹನ್ನೆರಡರಿಂದ ಭಾಗಿಸಿದರೆ ಸರಿಯಾಗಿ 8,125!

26ಎಎಸ್‌ನ ಗೊಂದಲಕ್ಕೂ ಕಾರಣ ಸರಳ. ಹಣವನ್ನು ಪ್ರತಿ ತಿಂಗಳು ಕಟ್ಟಿದರೂ, ಅದು ಯಾರ ಪ್ಯಾನ್‌ಗೆ ಸೇರಿದ್ದೆಂಬ ವಿವರವನ್ನು ಉದ್ಯೋಗದಾತರು ಮೂರು ತಿಂಗಳಿಗೊಮ್ಮೆ ಸಲ್ಲಿಸುತ್ತಾರೆ, ಮತ್ತು ಏಪ್ರಿಲ್‌–ಜೂನ್ ಅವಧಿಯದಕ್ಕೆ ಜುಲೈ 31 ಗಡುವು. ಆಗಸ್ಟ್‌ನಲ್ಲಿ ನೋಡಿದಾಗ ಮೂರೂ ತಿಂಗಳ ಕಡಿತ ನನ್ನ ಪ್ಯಾನ್‌ನಲ್ಲಿ ದಾಖಲಾಗಿತ್ತು.