ಅಪ್‌ಡೇಟ್: ಅಪ್ಪನ ಭಾಷಣಕ್ಕೆ ಕೊನೆಗೂ ಒಂದು ರೂಪ ಬಂತು

ನಾನು ಕೇಳಿದ್ದು: "ಅಪ್ಪ ಊರಿನ ಹಾಲಿನ ಡೈರಿ ಕಾರ್ಯದರ್ಶಿ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ. ಮೊಬೈಲ್‌ಗೆ ಹೇಳಿ ಬರೆಸಿದ ಬೀಳ್ಕೊಡುಗೆ ಭಾಷಣ ಒಂದೇ ಉದ್ದ ಸಾಲಾಗಿದೆ. ಇದನ್ನು ಪ್ಯಾರಾ ಮಾಡುವುದು ಹೇಗೆ?"

ಮೊದಲು ನಾನು ಸುಮ್ನೆ ಫುಲ್‌ಸ್ಟಾಪ್ ಹಾಕುತ್ತಾ ಹೋದೆ. ಓದಲು ಬಂತು, ಆದರೆ ಮಾತು ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗಲಿಲ್ಲ. ಆಮೇಲೆ ಪ್ರಿಂಟ್ ತೆಗೆದು, ವಿಷಯ ಬದಲಾದ ಕಡೆಯೆಲ್ಲ ಗೆರೆ ಎಳೆದೆ. ಹದಿನಾಲ್ಕು ತುಂಡಾದವು. ಪ್ರತಿ ತುಂಡಿನ ಪಕ್ಕ ಎರಡೇ ಪದ ಬರೆದೆ: 'ಕ್ಯಾನ್ ಹೊತ್ತಿದ್ದು', 'ಫ್ಯಾಟ್ ಜಗಳ', 'ಹೆಂಗಸರ ಖಾತೆ'. ಹೀಗೆ ಬರೆದಾಗಲೇ ಮೂರು ಗುಂಪು ಕಂಡವು: ಡೈರಿ ಶುರುವಾದ ದಿನಗಳು, ಅಳತೆಯಲ್ಲಿ ನಂಬಿಕೆ ಗಳಿಸಿದ್ದು, ಹಾಲಿನ ದುಡ್ಡು ನೇರ ಹೆಂಗಸರ ಕೈಗೆ ಬಂದದ್ದು.

ಆರಂಭ ಸಿಕ್ಕಿದ್ದು ಕೊನೆಯಲ್ಲಿ! ಮುಗಿಸುವಾಗ ಅಪ್ಪ ನೆನಪಿಸಿಕೊಂಡಿದ್ದ ಮೊದಲ ದಿನದ ಒಂದೇ ಕ್ಯಾನ್ ಹಾಲಿನ ಕತೆಯನ್ನು ಮೇಲಕ್ಕೆ ತಂದೆ. ವಂದನೆಗಳು ಮೂರು ಕಡೆ ಚದುರಿದ್ದವು. ಎಲ್ಲ ಸೇರಿಸಿ ಮುಕ್ತಾಯಕ್ಕೆ ಇಟ್ಟೆ.

ಮಾತು ಅಪ್ಪನದೇ ಉಳಿಯಬೇಕಿತ್ತು ಅಲ್ವಾ? ಅದಕ್ಕೆ ಪದ ಬದಲಿಸಲಿಲ್ಲ. 'ಅಂದ್ರೆ', 'ಆಮೇಲೆ' ಜಾಸ್ತಿ ಇದ್ದವು, ಅವನ್ನಷ್ಟೇ ತೆಗೆದೆ. 'ಹಾಲು' ಇರಬೇಕಾದಲ್ಲಿ 'ಹಾಳು' ಅಂತ ಬಿದ್ದದ್ದನ್ನು ರೆಕಾರ್ಡಿಂಗ್ ಕೇಳಿ ತಿದ್ದಿದೆ.

ಅಪ್ಪ ನಿನ್ನೆ ಗಟ್ಟಿಯಾಗಿ ಓದಿದರು. ಎರಡನೇ ಪ್ಯಾರಾದಲ್ಲಿ ಉಸಿರು ಸಾಲಲಿಲ್ಲ. ಅಲ್ಲಿನ ಉದ್ದ ವಾಕ್ಯವನ್ನು ಎರಡು ಮಾಡಿದೆ.