ರಾತ್ರಿ ನುಂಗಿದ ಗುಳಿಗಿ, ಮುಂಜಾನಿ ಹಿಡಿದ ಸ್ಟಿಯರಿಂಗ್

ಕೇಳಿದವರು, ಗದಗ: ಬೆನ್ನಿನ ನರದ ನೋವಿಗೆ ಪ್ರಿಗಾಬಾಲಿನ್ 75, ನಾರ್ಟ್ರಿಪ್ಟಿಲಿನ್ 10 ಕೂಡಿದ ಒಂದು ಗುಳಿಗಿ ಕೊಟ್ಟಾರ. ನಾಕು ದಿನಾತು. ಊಟ ಮಾಡಿ ರಾತ್ರಿ 11ಕ್ಕ ನುಂಗತೀನಿ, ಮುಂಜಾನಿ 6ಕ್ಕ ಕಾರ್ ತಗೊಂಡು ಹುಬ್ಬಳ್ಳಿಗೆ ಡ್ಯೂಟಿಗೆ ಹೊಂಡತೀನಿ. ಅಣ್ಣಿಗೇರಿ ದಾಟೂತನಕ ತಲಿ ಮಂಪರ ಇರ್ತದ. ನಾ ಕುಡಿಯಾಂವ ಅಲ್ಲ. ಪೊಲೀಸರು ನಿಲ್ಲಿಸಿದ್ರ ಡಾಕ್ಟರ್ ಚೀಟಿ ಇದ್ರ ಸಾಕೇನ್ರಿ? ಯಾರಿಗರ ಹಿಂಗ ಆಗೇತೇನು?

ಮೆಡಿಕಲ್ ಅಂಗಡಿಯವರು, ಧಾರವಾಡ: ಈ ಗುಳಿಗಿ ನಮ್ಮ ಅಂಗಡಿಯಿಂದ ದಿನಾ ಹೋಗ್ತದ ಸರ್. ನಿಮ್ಮ ತೊಂದರಿ ಗುಳಿಗಿಯೊಳಗ ಅಷ್ಟೇ ಇಲ್ಲ, ಹೊತ್ತಿನೊಳಗೂ ಐತಿ. ಹೊಟ್ಟಿ ತುಂಬಿದಾಗ ನುಂಗಿದ್ರ ಪ್ರಿಗಾಬಾಲಿನ್ ರಕ್ತದಾಗ ಪೂರ್ತಿ ಏರಾಕ ಸುಮಾರು ಮೂರು ತಾಸು ಬೇಕು. ಅಂದ್ರ ನಿಮಗ ಅದು ಏರೋದು ರಾತ್ರಿ 2ರ ಸುಮಾರಿಗೆ. ಅಲ್ಲಿಂದ ಅರ್ಧಕ್ಕ ಇಳಿಯಾಕ ಆರು ತಾಸು. ನೀವು ಚಾವಿ ತಿರುಗಸೂ ಹೊತ್ತಿಗೆ ಮೂರರಾಗ ಎರಡು ಪಾಲು ಇನ್ನೂ ಮೈಯಾಗ ಇರ್ತದ. ಅದನ್ನ ರಾತ್ರಿ 8ಕ್ಕ ತಗೊಂಡಿದ್ರ 6ರ ಹೊತ್ತಿಗೆ ಅರ್ಧಕ್ಕಿಂತ ಕಡಿಮಿ ಉಳೀತಿತ್ತು. ಕಿಡ್ನಿ ಸರಿ ಇಲ್ಲದವರಿಗೆ, ವಯಸ್ಸಾದವರಿಗೆ ಈ ಲೆಕ್ಕ ನಡಿಯಂಗಿಲ್ಲ, ಅವರಿಗೆ ಇನ್ನೂ ತಡ ಇಳೀತದ. ಜೋಡಿಗಿರೋ ನಾರ್ಟ್ರಿಪ್ಟಿಲಿನ್ ಒಂದು ದಿನಕ್ಕೂ ಅರ್ಧ ಇಳಿಯಂಗಿಲ್ಲ, ಮೊದಲ ವಾರ ದಿನಾ ಒಂದಿಷ್ಟು ಕೂಡ್ತಾನ ಹೋಗ್ತದ. ಹೊತ್ತು ಬದಲಿ ಮಾಡೋದನ್ನ ಬರದುಕೊಟ್ಟ ಡಾಕ್ಟರನ್ನ ಕೇಳೇ ಮಾಡ್ರಿ. ಒಮ್ಮೆಲೇ ಬಿಟ್ಟು ಮಾತ್ರ ಬಿಡಬ್ಯಾಡ್ರಿ, ನಿದ್ದಿ ಕೆಡ್ತದ, ತಲಿ ಸಿಡೀತದ.

ಕಾಯ್ದೆ ಬಗ್ಗೆ ಚಿಂತಿ ಬಿಡ್ರಿ. ಕಾಯ್ದೆದಾಗ ಡ್ರಗ್ ಅಂದ್ರ ಗಾಂಜಾ, ಅಫೀಮು. ಚೀಟಿ ಇದ್ದ ಗುಳಿಗಿ ಅದರಾಗ ಬರಂಗಿಲ್ಲ.

ಟಾಟಾ ಏಸ್ ಓಡಿಸ್ತಾರ, ಬ್ಯಾಡಗಿ: ನಂದು ಕೇಳ್ರಿ ಅಣ್ಣಾರ. ನೆಗಡಿ ಅಂತ ಅಂಗಡ್ಯಾಗ ಒಂದು ಗುಳಿಗಿ ಇಸಗೊಂಡೆ, ಹತ್ತು ರೂಪಾಯಿದ್ದು, ಚೀಟಿ ಇಲ್ಲ ಏನಿಲ್ಲ. ಮಧ್ಯಾಹ್ನ ಮೆಣಸಿನಕಾಯಿ ಚೀಲ ಇಳಿಸಿ, ಊಟ ಮಾಡಿ, ಹುಬ್ಬಳ್ಳಿ ಕಡೆ ಹೊಂಟಿದ್ದೆ. ಶಿಗ್ಗಾಂವಿ ದಾಟಿದ್ದು ನೆನಪಿಲ್ಲ. ಡಿವೈಡರ್‌ಗೆ ಗಾಲಿ ಉಜ್ಜಿದ ಸಪ್ಪಳಕ್ಕ ಎಚ್ಚರಾತು. ಅಷ್ಟರಾಗ ಬಾಜೂಕಿನ ಬೈಕಿನವ ಬಿದ್ದಿದ್ದ, ಕೈ ಮುರೀತು. ಪೊಲೀಸರು ಮಷೀನ್ ಊದಿಸಿದ್ರು, ಸೊನ್ನೆ ಬಂತು. ನಾ ಪಾರಾದೆ ಅಂದ್ಕೊಂಡೆ. ಕೇಸ್ ಆತು. ಕುಡಿದದ್ದಕ್ಕಲ್ಲ, ಬೇಜವಾಬ್ದಾರಿಯಿಂದ ಗಾಡಿ ಓಡಿಸಿದ್ದಕ್ಕ. 80ರ ಸ್ಪೀಡಿನಾಗ ನಾಕು ಸೆಕೆಂಡ್ ಕಣ್ಣು ಮುಚ್ಚಿದ್ರ ಗಾಡಿ 90 ಮೀಟರ್ ಹೋಗಿರ್ತದಂತ, ಠಾಣೆದಾಗ ಒಬ್ಬ ಸಾಹೇಬ್ರು ಲೆಕ್ಕ ಹಚ್ಚಿ ತೋರಿಸಿದ್ರು. ಆವತ್ತು ಕಿಟಕಿ ತಗದಿದ್ದೆ, ಹಾಡು ಹಚ್ಚಿದ್ದೆ, ಗುಟ್ಕಾನೂ ಬಾಯಾಗಿತ್ತು. ಒಂದೂ ಕೆಲಸಕ್ಕ ಬರಲಿಲ್ಲ.

ಒಬ್ಬ ಅಕ್ಕ, ಹಾವೇರಿ: ಅಂದ್ರ ಕೆಮ್ಮಿನ ಔಷಧ ಕುಡಿದ್ರೂ ಮಷೀನ್ ಕೂಗ್ತದೇನ್ರಿ? ನಮ್ಮ ಮನ್ಯವರು ಸಿರಪ್ ಕುಡಿದೇ ಸ್ಕೂಟರ್ ಹತ್ತತಾರ. ನಾಳಿಯಿಂದ ಬ್ಯಾಡ ಅನ್ನಲೇನು?

ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರು, ಹುಬ್ಬಳ್ಳಿ: ಅಕ್ಕಾರ, ಆಲ್ಕೋಹಾಲ್ ಇರೋ ಸಿರಪ್ ಆದ್ರ ಕುಡಿದ ಕೂಡಲೇ ಊದಿದಾಗ ಬಾಯಲ್ಲಿ ಉಳಿದದ್ದು ತೋರಿಸಬಹುದು. ಬಾಯಿ ಮುಕ್ಕಳಿಸಿ ಕಾಲು ತಾಸು ಬಿಟ್ಟು ಊದಿದರೆ ಅದು ಹೋಗಿರ್ತದೆ. ಆದರೆ ಗದಗಿನವರು ಕೇಳಿದ್ದು ಅದನ್ನಲ್ಲ. ಮಷೀನಿಗೆ ಕಾಣದೇ ಇರೋದನ್ನ ಕೇಳ್ಯಾರೆ.

ಮೆಡಿಕಲ್‌ನವರು ಔಷಧದ ಬಗ್ಗೆ ಹೇಳಿದ್ದು ಸರಿ, ಕಾಯ್ದೆದ್ದು ಅರ್ಧ ತಪ್ಪು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿಗೆ ಎರಡು ತುಂಡು. ಮೊದಲನೆಯದು ಮದ್ಯ: 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮುಗೀತು, ನೀವು ನೆಟ್ಟಗೆ ಓಡಿಸಿದಿರೋ ಇಲ್ಲವೋ ಅಂತ ಯಾರೂ ಕೇಳಲ್ಲ. ಎರಡನೆಯದು ಡ್ರಗ್: ಅಲ್ಲಿ ಮಿಲಿಗ್ರಾಂ ಲೆಕ್ಕವೇ ಇಲ್ಲ. ಗಾಡಿ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲಾಗದಷ್ಟು ಅದರ ಪ್ರಭಾವ ಇತ್ತು ಅಂತ ಪೊಲೀಸರೇ ಸಾಬೀತು ಮಾಡಬೇಕು. ಶಿಕ್ಷೆ ಎರಡಕ್ಕೂ ಒಂದೇ, ಮೊದಲ ಸಲ ಆರು ತಿಂಗಳವರೆಗೆ ಜೈಲು ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ.

ಇನ್ನು ಡ್ರಗ್ ಅಂದರೆ ಯಾವುದು? 2019ರ ತಿದ್ದುಪಡಿ ಮಾದಕ ವಸ್ತು ತಡೆಯೋ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರೋ ಮನೋಪ್ರಭಾವಿ ವಸ್ತುಗಳನ್ನೂ ಇದರೊಳಗೆ ತಂದಿದೆ. ಆ ಪಟ್ಟಿಯಲ್ಲಿ ಮನೆಮಂದಿ ನುಂಗೋ ಗುಳಿಗೆಗಳೂ ಬಹಳ ಅದಾವೆ: ಅಲ್ಪ್ರಜೋಲಾಂ, ಕ್ಲೋನಜೆಪಾಂ, ಡಯಜೆಪಾಂ, 2018ರಿಂದ ಟ್ರಮಡಾಲ್. ನಿದ್ದೆಗೆ, ಗಾಬರಿಗೆ, ನೋವಿಗೆ ಅಂತ ಎಷ್ಟು ಮನೆಯ ಕಪಾಟಿನಲ್ಲಿಲ್ಲ ಇವು! ಚೀಟಿ ಇದ್ದರೆ ಅವನ್ನ ಇಟ್ಟುಕೊಳ್ಳೋದು ತಪ್ಪಲ್ಲ. ಆದರೆ ಚೀಟಿ ಇದ್ದರೆ ಮಾಫಿ ಅಂತ 185ನೇ ಕಲಮಿನಲ್ಲಿ ಎಲ್ಲೂ ಬರೆದಿಲ್ಲ.

ನಿಮ್ಮ ಪ್ರಿಗಾಬಾಲಿನ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದಕ್ಕೆ 185 ಹಚ್ಚಬಹುದೇ ಅನ್ನೋದು ವಾದದ ಮಾತು, ನಾನಾದರೆ ಹಚ್ಚಲು ಬರೋದಿಲ್ಲ ಅಂತಲೇ ವಾದಿಸ್ತೀನಿ. ಆದರೆ ಬ್ಯಾಡಗಿ ಅಣ್ಣನ ಕೇಸು ನೋಡ್ರಿ, ಅವರಿಗೂ 185 ಬರಲಿಲ್ಲ, ಪಾರಾದರೇನು? ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ ಕಾರಣ ಬೇಕಿಲ್ಲ, ನಿದ್ದೆಯೋ ಗುಳಿಗೆಯೋ ಮೊಬೈಲೋ, ಓಡಿಸಿದ ರೀತಿ ಅಪಾಯದ್ದಾಗಿದ್ದರೆ ಸಾಕು. ಜೀವ ಹೋದರೆ 106, ಐದು ವರ್ಷದವರೆಗೆ ಶಿಕ್ಷೆ. ಅಲ್ಲಿ ನಿಮ್ಮ ಚೀಟಿ ತಿರುಗಿ ಬೀಳ್ತದೆ. ‘ಗಾಡಿ ಓಡಿಸಬೇಡಿ’ ಅಂತ ಡಾಕ್ಟರ್ ಬರೆದಿದ್ದರೆ, ಅಪಾಯ ಗೊತ್ತಿದ್ದೂ ಸ್ಟಿಯರಿಂಗ್ ಹಿಡಿದಿರಿ ಅನ್ನೋದಕ್ಕೆ ಅದೇ ಸಾಕ್ಷಿ. ಈಗ ಇಲ್ಲಿ ‘ಅಣ್ಣಿಗೇರಿ ತನಕ ಮಂಪರ’ ಅಂತ ಬರೆದೀರಲ್ಲ, ಎದುರು ವಕೀಲ ನಾನಾಗಿದ್ದರೆ ಇದನ್ನೂ ಬಿಡ್ತಿರಲಿಲ್ಲ.

ಇನ್ಶೂರೆನ್ಸ್ ಕಾಗದದ ಸಣ್ಣಕ್ಷರವನ್ನೂ ಒಮ್ಮೆ ಓದ್ರಿ. ಸ್ವಂತ ಗಾಡಿಯ ನಷ್ಟಕ್ಕೆ, ಮದ್ಯ ಅಥವಾ ಡ್ರಗ್‌ನ ಪ್ರಭಾವದಲ್ಲಿ ಓಡಿಸಿದ್ದರೆ ಕೊಡೋದಿಲ್ಲ ಅಂತ ಇರ್ತದೆ. ಅಲ್ಲಿ ಎನ್‌ಡಿಪಿಎಸ್ ಪಟ್ಟಿ ಅಂತಿರಲ್ಲ, ಬರೀ ಡ್ರಗ್ ಅಂತಿರ್ತದೆ.

ಮೆಡಿಕಲ್ ಅಂಗಡಿಯವರು, ಧಾರವಾಡ: ಕ್ಲೋನಜೆಪಾಂ ಆ ಪಟ್ಟಿಯಾಗ ಐತಿ ಅಂತ ಗೊತ್ತಿತ್ತು ಸರ್, ಅದಕ್ಕ ರಿಜಿಸ್ಟರ್ ಇಡ್ತೀವಿ. ರಸ್ತೆಕ್ಕೂ ಅದೇ ಪಟ್ಟಿ ಅಂತ ಹೊಳೀಲಿಲ್ಲ. ಆದ್ರ ಒಂದು ಮಾತು, ನೆಗಡಿ ಗುಳಿಗ್ಯಾಗಿನ ಕ್ಲೋರ್‌ಫೆನಿರಮೈನ್ ಆ ಪಟ್ಟಿಯಾಗ ಇಲ್ಲ, ನಿದ್ದಿ ಮಾತ್ರ ಅದರದ್ದೇ ಜೋರು. ಬ್ಯಾಡಗಿ ಅಣ್ಣಾರು ನುಂಗಿದ್ದು ಅದೇ ಇದ್ದೀತು. ಗಾಡಿ ಓಡಸೂರು ಅಂಗಡ್ಯಾಗ ಬಾಯಿಬಿಟ್ಟು ಹೇಳಿದ್ರ ಫೆಕ್ಸೊಫೆನಡಿನ್‌ದಂಥಾದ್ದು ಕೊಡಬಹುದು, ಅದು ಮೆದುಳಿಗೆ ಹೆಚ್ಚು ಏರಂಗಿಲ್ಲ. ಯಾರೂ ಹೇಳಂಗಿಲ್ಲ, ನಾವೂ ಕೇಳಂಗಿಲ್ಲ, ಖರೇನ.

ಟಾಟಾ ಏಸ್ ಓಡಿಸ್ತಾರ, ಬ್ಯಾಡಗಿ: ಈಗ ನಾ ಕಣ್ಣು ಎಳದ್ರ ಗಾಡಿ ಧಾಬಾದ ಬಾಜೂಕ ಹಚ್ಚಿ, ಒಂದು ಸ್ಟ್ರಾಂಗ್ ಕಾಫಿ ಕುಡಿದು ಕೂಡಲೇ 20 ನಿಮಿಷ ಮಲಗತೀನಿ. ಕಾಫಿ ಹತ್ತೂದ್ರಾಗ ಎಚ್ಚರ ಆಗ್ತದ. ಮುಂದ ಒಂದು ತಾಸು ಸಾಗ್ತದ, ಅಷ್ಟೇ.

ವಕೀಲರು: ನಿದ್ದೆಗೆ ಅದು ಸರಿ ಅಣ್ಣಾ. ಗುಳಿಗೆಯ ಮಂಪರಕ್ಕೆ ಕಾಫಿ ನಂಬಬೇಡ್ರಿ. ಕಣ್ಣು ತೆರೆದಿರ್ತದೆ, ಬ್ರೇಕ್ ತುಳಿಯೋ ಕಾಲು ತಡ ಆಗಿರ್ತದೆ.

ಕೇಳಿದವರು, ಗದಗ: ಶನಿವಾರ ಡಾಕ್ಟರ್ ಹತ್ರ ಹೋಗಿ ಗುಳಿಗಿ 8ಕ್ಕ ತಗೊಳ್ಳಲೇನು ಅಂತ ಕೇಳತೀನಿ. ಅಲ್ಲಿತನಕ ಬಸ್ಸಿಗೆ ಹೋಗ್ತೀನ್ರಿ. ಆದ್ರ ವಕೀಲರ, ಮೆಡಿಕಲ್‌ನವರ, ಒಂದು ಉಳೀತು. ಮಂಪರ ಪೂರ್ತಿ ಹೋಗೇತಿ ಅಂತ ನನಗ ನಾನ ಹೆಂಗ ತಿಳ್ಕೋಬೇಕು? ನಿನ್ನೆ ‘ಆರಾಮ ಅದೀನಿ’ ಅಂತ ಅನ್ಕೊಂಡೇ ಹೊಂಟಿದ್ದೆ, ಅಣ್ಣಿಗೇರಿ ದಾಟಿದ್ದು ಎದುರಿನ ಲಾರಿ ಹಾರ್ನ್ ಹೊಡದಾಗ ಗೊತ್ತಾತು.